0.1000 ಮೋಲಾರ್ HCl: ಲೇಬಲ್ ಲೆಕ್ಕ ಒಂದು, ಬ್ಯುರೆಟ್ ಹೇಳಿದ್ದು ಇನ್ನೊಂದು

ಟೈಟ್ರೇಶನ್ ಸೆಟಪ್‌ಗೆ ಬೇಕಾದ ಆಸಿಡ್ ಕೊನೆಗೂ ರೆಡಿ ಆಯಿತು. ಬೇಕಿದ್ದದ್ದು 0.1000 ಮೋಲಾರ್, ಅಂದರೆ ನಾಲ್ಕನೇ ಅಂಕಿಯವರೆಗೂ ನಂಬಬಹುದಾದ ದ್ರಾವಣ. ಕೈಯಲ್ಲಿದ್ದದ್ದು ಸ್ಟಾಕ್ ಬಾಟಲಿ, ಅದರ ಮೇಲೆ 37% (ತೂಕದ ಲೆಕ್ಕ), ಸಾಂದ್ರತೆ 1.19 ಅಂತ ಬರೆದಿದೆ.

ಮೊದಲು ಲೆಕ್ಕ. ಒಂದು ಲೀಟರ್ ಸ್ಟಾಕ್ 1190 ಗ್ರಾಂ ತೂಗುತ್ತದೆ. ಅದರಲ್ಲಿ 37% ಮಾತ್ರ HCl, ಅಂದರೆ ಸುಮಾರು 440 ಗ್ರಾಂ. ಇದನ್ನು ಅಣುತೂಕ 36.46ರಿಂದ ಭಾಗಿಸಿದರೆ ಆಯಿತು:

```
M = 10 × 37 × 1.19 / 36.46 = 12.08
V = 0.1000 × 1000 / 12.08 = 8.28 mL
```

8.28 ಮಿ.ಲೀ. ಅಳೆದು ಒಂದು ಲೀಟರಿಗೆ ತುಂಬಿಸಿದರೆ ಮುಗಿಯಿತು ಅಲ್ವಾ? ಇಲ್ಲ. ಲೇಬಲ್ ಮೇಲಿನ 37 ಅನ್ನೋದು ಸಾಮಾನ್ಯವಾಗಿ ಒಂದು ವ್ಯಾಪ್ತಿಯ ಮಧ್ಯದ ಅಂಕಿ. ಆಸಿಡ್ 36.5 ಇರಬಹುದು, 38ರ ಹತ್ತಿರವೂ ಇರಬಹುದು. ಜೊತೆಗೆ ಮುಚ್ಚಳ ತೆಗೆದಾಗಲೆಲ್ಲ ಸ್ವಲ್ಪ ಅನಿಲ ಹೊರಗೆ ಹೋಗುತ್ತದೆ, ಹಾಗಾಗಿ ಹಳೆ ಬಾಟಲಿ ಇನ್ನೂ ಸಪ್ಪೆ. ಸಾಲದ್ದಕ್ಕೆ, 8 ಮಿ.ಲೀ. ಅಳೆಯುವಾಗ 0.05 ಮಿ.ಲೀ. ಹೆಚ್ಚುಕಡಿಮೆ ಆದರೂ 0.6% ವ್ಯತ್ಯಾಸ. ಲೇಬಲ್ ಲೆಕ್ಕ ನಮ್ಮನ್ನು ಹತ್ತಿರಕ್ಕೆ ತಂದು ಬಿಡುತ್ತದೆ, ಅಷ್ಟೇ. ನಿಖರತೆ ಬರೋದು ಆಮೇಲಿನ ಟೈಟ್ರೇಶನ್‌ನಿಂದ.

ಅದಕ್ಕೇ ಬೇಕಂತಲೇ ಸ್ವಲ್ಪ ಜಾಸ್ತಿ, 8.5 ಮಿ.ಲೀ. ತೆಗೆದುಕೊಂಡೆ. ದ್ರಾವಣ ಗಟ್ಟಿ ಇದ್ದರೆ ಅಳತೆ ಮಾಡಿ ನೀರು ಸೇರಿಸಿ ಸರಿಮಾಡಬಹುದು. ತೆಳುವಾದರೆ ಮತ್ತೆ ಆ ಹೊಗೆಯಾಡುವ ಬಾಟಲಿಯನ್ನೇ ತೆರೆಯಬೇಕು. ಫ್ಯೂಮ್ ಹುಡ್ ಒಳಗೆ, ಕನ್ನಡಕ, ಗ್ಲೌಸ್ ಹಾಕಿಕೊಂಡು, ಫ್ಲಾಸ್ಕ್‌ನಲ್ಲಿ ಅರ್ಧದಷ್ಟು ಡಿಸ್ಟಿಲ್ಡ್ ವಾಟರ್ ಮೊದಲೇ ಇಟ್ಟು ಅದಕ್ಕೆ ಆಸಿಡ್ ಬಿಟ್ಟೆ. ರೂಮಿನ ತಾಪಮಾನಕ್ಕೆ ಬಂದ ಮೇಲೆಯೇ ಗೆರೆವರೆಗೆ ತುಂಬಿಸಿದ್ದು. ಬೆಚ್ಚಗಿರುವಾಗ ತುಂಬಿಸಿದರೆ ತಣ್ಣಗಾದ ಮೇಲೆ ಮಟ್ಟ ಗೆರೆಯಿಂದ ಕೆಳಗೆ ಇಳಿಯುತ್ತದೆ.

ಮುಂದಿನದ್ದು ನಿಜವಾದ ಕೆಲಸ. ಶುದ್ಧ ಸೋಡಿಯಂ ಕಾರ್ಬೋನೇಟನ್ನು 270 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಿ, ಡೆಸಿಕೇಟರ್‌ನಲ್ಲಿ ತಣ್ಣಗಾಗಿಸಿ, 0.1325 ಗ್ರಾಂ ತೂಗಿದೆ. ಅಣುತೂಕ 105.99, ಹಾಗಾಗಿ ಇದು 1.250 ಮಿಲಿಮೋಲ್. ಒಂದು ಕಾರ್ಬೋನೇಟಿಗೆ ಎರಡು HCl ಬೇಕಾದ್ದರಿಂದ 2.500 ಮಿಲಿಮೋಲ್ ಆಸಿಡ್ ಹಿಡಿಯಬೇಕು. ಇದು ಸರಿಯಾಗಿ ಒಣಗದಿದ್ದರೆ ತೂಕದಲ್ಲಿ ನೀರೂ ಸೇರಿರುತ್ತದೆ, ಆಸಿಡ್ ಕಡಿಮೆ ಹಿಡಿಯುತ್ತದೆ, ಆಸಿಡ್ ಇರುವುದಕ್ಕಿಂತ ಗಟ್ಟಿ ಅನ್ನಿಸಿಬಿಡುತ್ತದೆ.

ಸೂಚಕ ಬ್ರೋಮೋಕ್ರೆಸಾಲ್ ಗ್ರೀನ್. ನೀಲಿ ದ್ರಾವಣ ಹಸಿರಾದ ತಕ್ಷಣ ಮುಗಿಯಿತು ಅಂತ ಓದಿಬಿಡಬಾರದು. ಕರಗಿರುವ ಕಾರ್ಬನ್ ಡೈಆಕ್ಸೈಡೇ ಆ ಬಣ್ಣ ತಂದಿರುತ್ತದೆ. ಅಲ್ಲಿ ನಿಲ್ಲಿಸಿ ಎರಡು ನಿಮಿಷ ಕುದಿಸಿದರೆ ಗುಳ್ಳೆ ಎದ್ದು ಅನಿಲ ಹೋಗುತ್ತದೆ, ಬಣ್ಣ ಕಣ್ಣೆದುರೇ ಮತ್ತೆ ನೀಲಿಗೆ ತಿರುಗುತ್ತದೆ. ತಣ್ಣಗಾದ ಮೇಲೆ ಹನಿ ಹನಿಯಾಗಿ ಬಿಟ್ಟರೆ ಈ ಸಲ ಒಂದೇ ಹನಿಗೆ ಬಣ್ಣ ಥಟ್ಟನೆ ಬದಲಾಗುತ್ತದೆ. ಈ ಭಾಗ ನೋಡೋದು ನನಗೆ ತುಂಬಾ ಇಷ್ಟ.

ಬ್ಯುರೆಟ್ ಓದಿದ್ದು 24.60 ಮಿ.ಲೀ. 2.500 ಭಾಗಿಸು 24.60, ಅಂದರೆ 0.1016 ಮೋಲಾರ್. ಲೇಬಲ್ ಪ್ರಕಾರ 0.1027 ಬರಬೇಕಿತ್ತು, ಹೆಚ್ಚುಕಡಿಮೆ 1% ವ್ಯತ್ಯಾಸ. ಅದರಲ್ಲಿ ಬಾಟಲಿಯ ಪಾಲೆಷ್ಟು, ಪಿಪೆಟ್ಟಿನ ಪಾಲೆಷ್ಟು ಅನ್ನೋದು ಇಲ್ಲಿ ಮುಖ್ಯವಲ್ಲ, ಏಕೆಂದರೆ ಇನ್ನು ಮುಂದಿನ ಲೆಕ್ಕಕ್ಕೆ ಎರಡೂ ಬೇಡ.

ಸುಮ್ನೆ 0.1016 ಅಂತ ಬರೆದು ಬಳಸಿದರೂ ನಡೆಯುತ್ತದೆ, ಹೆಚ್ಚಿನ ಕೆಲಸಕ್ಕೆ ಅದೇ ಜಾಣತನ. ನನಗೆ ದುಂಡು ಅಂಕಿಯೇ ಬೇಕಿತ್ತು. 500 ಮಿ.ಲೀ. ಫ್ಲಾಸ್ಕನ್ನು ಇದೇ ದ್ರಾವಣದಿಂದ ತೊಳೆದು, ಗೆರೆವರೆಗೆ ತುಂಬಿಸಿ, ಒಣಗಿದ ಬಾಟಲಿಗೆ ಸುರಿದೆ. ಸೇರಿಸಬೇಕಾದ ನೀರು 500 × 0.0163, ಅಂದರೆ 8.15 ಮಿ.ಲೀ. (ಇಲ್ಲಿ 0.1016ರ ಬದಲು ದುಂಡು ಮಾಡದ 0.10163 ಹಿಡಿದಿದ್ದೇನೆ.) ಈ ನೀರನ್ನು ನೇರವಾಗಿ ಬಾಟಲಿಗೆ ಬಿಡಲಿಲ್ಲ. ಬ್ಯುರೆಟ್‌ನಿಂದ ಅದೇ ಖಾಲಿ ಫ್ಲಾಸ್ಕಿಗೆ ಎರಡು ಕಂತಲ್ಲಿ ಬಿಟ್ಟು, ಗೋಡೆಗೆ ಅಂಟಿದ್ದ ಆಸಿಡನ್ನೂ ಅದರಲ್ಲೇ ಅಲುಗಾಡಿಸಿ ಬಾಟಲಿಗೆ ಸೇರಿಸಿದೆ.

ಮತ್ತೆ ಕಾರ್ಬೋನೇಟ್ ತೂಗಿ ಪರೀಕ್ಷಿಸಿದೆ. 0.1341 ಗ್ರಾಂಗೆ 25.32 ಮಿ.ಲೀ. ಹಿಡಿಯಿತು, ಅಂದರೆ 0.0999. 0.1318 ಗ್ರಾಂಗೆ 24.86, ಅದು 0.1000. ಬ್ಯುರೆಟ್ ಓದುವುದರಲ್ಲೇ 0.02 ಮಿ.ಲೀ. ಆಚೀಚೆ ಆಗುವಾಗ ನಾಲ್ಕನೇ ಅಂಕಿಯಲ್ಲಿ ಒಂದರ ವ್ಯತ್ಯಾಸ ಇದ್ದೇ ಇರುತ್ತದೆ. ಇದಕ್ಕಿಂತ ಮುಂದೆ ನೀರು ಸೇರಿಸಿ ತಿದ್ದೋದರಲ್ಲಿ ಅರ್ಥವಿಲ್ಲ. ಬಾಟಲಿಗೆ ಸಾಂದ್ರತೆಯ ಬದಲು ಮೋಲಾರಿಟಿ, ತಾರೀಖು, ಟೈಟ್ರೇಶನ್ ಮಾಡಿದ ತಾಪಮಾನ ಬರೆದು ಅಂಟಿಸಿದ್ದೇನೆ. ಮುಂದೆ ಇದರಿಂದಲೇ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣವನ್ನು ಅಳೆಯಬೇಕು.