ಬಾವಿ ದಾಖಲೆ, ಆರನೇ ವಾರ: ಠರಾವು ಯಾವುದು, ಬರೀ ಮಾತು ಯಾವುದು

ಕೊಪ್ಪಳದ ಸುತ್ತಲಿನ ಹಳೆಯ ಮೆಟ್ಟಿಲ ಬಾವಿಗಳನ್ನು ಅಳೆದು, ಫೋಟೊ ತೆಗೆದು ದಾಖಲಿಸುವ ನಮ್ಮ ಐದು ಮಂದಿಯ ಕೆಲಸ ಈ ವಾರ ಬಾವಿ ಹತ್ತಿರ ಹೋಗಲಿಲ್ಲ. ಇಡೀ ವಾರ ಹೋದದ್ದು ಕಳೆದ ಸಭೆಯ ಟಿಪ್ಪಣಿಯನ್ನು ಮತ್ತೊಮ್ಮೆ ಬರೆಯುವುದರಲ್ಲಿ. ನನ್ನ ಮೊದಲ ಟಿಪ್ಪಣಿ ನೋಡಿ ನಮ್ಮ ತಂಡದ ಹುಡುಗ 40 ಮೀಟರ್ ಹತ್ತಿ ಹಗ್ಗ ಕೊಂಡು ತಂದ. ಆ ಹಗ್ಗ ಬೇಡವೆಂದು ಅದೇ ಸಭೆಯಲ್ಲಿಯೇ ತೀರ್ಮಾನವಾಗಿತ್ತು.

ಸಭೆ ನಡೆದದ್ದು ಎರಡು ತಾಸಿಗೆ ಸ್ವಲ್ಪ ಕಡಿಮೆ. ರೆಕಾರ್ಡಿಂಗ್ ಕೇಳಿ ಟೈಪ್ ಮಾಡಿದಾಗ 31 ಪುಟವಾಯಿತು. ಅದನ್ನು ಒಂದು ಪುಟಕ್ಕೆ ಇಳಿಸಿ 14 ಠರಾವು ಬರೆದಿದ್ದೆ. ಈಗ ಆ ಒಂದೊಂದು ಸಾಲನ್ನೂ ಹಿಡಿದು 31 ಪುಟದಲ್ಲಿ ಅದರ ಮೂಲ ಮಾತು ಹುಡುಕಿದೆ.

ಹಗ್ಗದ ಕಥೆ ಹೀಗಿದೆ. 22ನೇ ನಿಮಿಷಕ್ಕೆ ಮಾಸ್ತರು, "ಹಗ್ಗಕ್ಕ ಕಲ್ಲು ಕಟ್ಟಿ ಇಳಿಬಿಟ್ಟು ಆಳ ಅಳಿಯೂಣು, ಮೀಟರಿಗೊಂದು ಗಂಟು ಹಾಕೂಣು" ಅಂದರು. ಇಬ್ಬರು "ಹೂಂ ರಿ" ಅಂದರು. ನಾನು ಅಲ್ಲಿಗೇ ಠರಾವು ಬರೆದುಬಿಟ್ಟೆ. ಆದರೆ 71ನೇ ನಿಮಿಷಕ್ಕೆ ಅಕ್ಕಾರು, "ಹತ್ತಿ ಹಗ್ಗ ನೆನೆದ್ರ ಗಿಡ್ಡ ಆಗ್ತದ್ರಿ ಸರ, ಗಂಟಿನ ಲೆಕ್ಕ ತಪ್ಪತೈತಿ. ನಮ್ಮ ಮನ್ಯಾಗ 30 ಮೀಟರಿನ ಟೇಪ್ ಐತಿ, ತರ್ತೀನಿ" ಅಂದಿದ್ದಾರೆ. ಅದಕ್ಕೆ ಮಾಸ್ತರು "ಆತು ಬಿಡ್ರಿ" ಅಂದು ಬೇರೆ ವಿಷಯಕ್ಕೆ ಹೋದರು. ನಮ್ಮ ಕಡೆ "ಆತು ಬಿಡ್ರಿ" ಅಂದರೆ ಒಪ್ಪಿಗೆಯೂ ಹೌದು, ಈ ಮಾತು ಇಲ್ಲಿಗೆ ಸಾಕು ಎಂದೂ ಹೌದು. ಟೈಪ್ ಮಾಡಿದ ಪುಟದಲ್ಲಿ ಎರಡೂ ಒಂದೇ ತರ ಕಾಣುತ್ತವೆ. ಅದು ಒಪ್ಪಿಗೆ ಎಂದು ಗೊತ್ತಾದದ್ದು 104ನೇ ನಿಮಿಷದಲ್ಲಿ, ಅವರೇ "ರವಿವಾರ ಅಕ್ಕಾರು ಟೇಪ್ ಹಿಡೀಲಿ, ನಾ ಬರ್ಕೋತೀನಿ" ಅಂದಾಗ. ತರುವವರು, ಬರೆಯುವವರು, ದಿನ, ಮೂರೂ ಅಲ್ಲಿವೆ. ಅಲ್ಲಿಂದ ಕೊನೆಯವರೆಗೆ ಯಾರೂ ಅದನ್ನು ಹಿಂದೆ ತೆಗೆದುಕೊಂಡಿಲ್ಲ.

ಇದಾದ ಮೇಲೆ ನಾನು ಪುಟಗಳನ್ನು ಕೊನೆಯಿಂದ ಹಿಂದಕ್ಕೆ ಓದತೊಡಗಿದೆ. ಮೊದಲಿನಿಂದ ಓದಿದರೆ ಮೊದಲು ಹೇಳಿದ್ದೇ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತು, ಆಮೇಲಿನದು ಬರೀ ಚರ್ಚೆಯಂತೆ ಕಾಣುತ್ತದೆ.

ಇನ್ನೊಂದು ತಪ್ಪು ನನ್ನ ಬರವಣಿಗೆಯಲ್ಲಿಯೇ ಇತ್ತು, ಅದನ್ನು ಕಂಡುಹಿಡಿಯಲು ಎರಡು ರಾತ್ರಿ ಬೇಕಾಯಿತು. ಟಿಪ್ಪಣಿಯ ಒಂದು ಸಾಲು: "ಬಾವಿಯ ಹೂಳು ತೆಗೆಸುವುದು." ಮೂಲದಲ್ಲಿ ಇದ್ದದ್ದು, "ಪಂಚಾಯತಿಯವ್ರು ಒಪ್ಪಿದ್ರ ಹೂಳು ತೆಗಸಬಹುದು ನೋಡ್ರಿ." ಕನ್ನಡದಲ್ಲಿ ಮಾತು ಗಟ್ಟಿಯೋ ಮೆದುವೋ ಎನ್ನುವುದು ಕ್ರಿಯಾಪದದ ಬಾಲದಲ್ಲಿರುತ್ತದೆ. ತೆಗೆಸ್ತೀನಿ, ತೆಗೆಸೋಣ, ತೆಗೆಸಬಹುದು, ತೆಗೆಸಿದ್ರ ಚಲೋ, ಈ ನಾಲ್ಕಕ್ಕೂ ನಾವು ಸಭೆಯ ವರದಿಯಲ್ಲಿ "ತೆಗೆಸುವುದು" ಎಂದೇ ಬರೆಯುತ್ತೇವೆ. ಬಾಲ ಕತ್ತರಿಸಿದ ಕೂಡಲೇ ನಾಲ್ಕೂ ಆಜ್ಞೆಯಾಗಿಬಿಡುತ್ತವೆ. ಅದರಲ್ಲೂ "-ಓಣ" ಬಹಳ ಮೋಸದ್ದು. "ಹೋಗೋಣ" ಅನ್ನುವುದು ಹೊರಟು ನಿಂತವರ ಮಾತೂ ಆಗಬಹುದು, "ಹೋಗೋಣೇನು?" ಎಂದು ಕೇಳಿದ್ದೂ ಆಗಬಹುದು.

ಹಾಗಾಗಿ ಈಗ "-ವುದು" ಬಳಸುವುದನ್ನು ಬಿಟ್ಟಿದ್ದೇನೆ. ಠರಾವಿನ ಸಾಲಿನಲ್ಲಿ ಮಾಡುವವರೇ ಕರ್ತೃ: "ಅಕ್ಕಾರು ರವಿವಾರ 30 ಮೀಟರ್ ಟೇಪ್ ತರುತ್ತಾರೆ (104ನೇ ನಿಮಿಷ). 22ನೇ ನಿಮಿಷದ ಹಗ್ಗದ ಮಾತು ರದ್ದು." ಬರೆಯಲು ಹೋದಾಗ ಮಾಡುವವರು ಸಿಗದಿದ್ದರೆ ಅದು ಠರಾವಲ್ಲ. ಒಬ್ಬರು ಇನ್ನೊಬ್ಬರಿಗೆ ಕೆಲಸ ಒಪ್ಪಿಸಿದ್ದರೆ ಆ ಇನ್ನೊಬ್ಬರು ಹೂಂ ಅಂದಿರಬೇಕು. ಸುಮ್ಮನೆ ಕೂತಿದ್ದರೆ ಒಪ್ಪಿಗೆ ಎಂದು ಬರೆಯುವುದಿಲ್ಲ. ಷರತ್ತು ಇದ್ದರೆ ಸಾಲು ಷರತ್ತಿನಿಂದಲೇ ಶುರು: "ಪಂಚಾಯತಿ ಒಪ್ಪಿದರೆ..." ಕೊನೆಗೆ ಬರೆದರೆ ಸಾಲು ಗಿಡ್ಡ ಮಾಡುವಾಗ ಮೊದಲು ಹಾರಿಹೋಗುವುದೇ ಅದು. ಬರೀ ವಿಚಾರವಾಗಿದ್ದರೆ ಹೇಳಿದವರ ಮಾತನ್ನು ಬಾಲಸಮೇತ ಹಾಗೇ ಇಡುತ್ತೇನೆ.

ಹೀಗೆ ಜರಡಿ ಹಿಡಿದಾಗ ನನ್ನ 14ರಲ್ಲಿ ಠರಾವಾಗಿ ನಿಂತದ್ದು ನಾಲ್ಕು. ಎರಡು ಷರತ್ತಿನವು, ಏಳು ಬರೀ ವಿಚಾರ, ಒಂದು ರದ್ದಾದ ಹಗ್ಗ. ನಾನು ಬಿಟ್ಟೇಬಿಟ್ಟಿದ್ದ ಟೇಪಿನ ಠರಾವು ಸೇರಿ ಐದಾಯಿತು. ವಿಚಾರಗಳನ್ನು ತೆಗೆದುಹಾಕಿಲ್ಲ, ಕೆಳಗೆ ಬೇರೆ ತಲೆಬರಹದಲ್ಲಿ ಇಟ್ಟಿದ್ದೇನೆ. ಬಾವಿ ಗೋಡೆಯ ಕೆತ್ತನೆಗೆ ಸಂಜೆಯ ಓರೆ ಬೆಳಕಿನಲ್ಲಿ ಫೋಟೊ ತೆಗೆಯಬಹುದು ಎಂದ ಹುಡುಗನ ಮಾತು ಅಲ್ಲಿದೆ. ಅದು ಕಳೆದುಹೋಗಬಾರದು.

ಒಂದು ಸಾಲು ಮಾತ್ರ ಕೇಳಿದಷ್ಟೂ ಬಗೆಹರಿಯಲಿಲ್ಲ. 88ನೇ ನಿಮಿಷದಲ್ಲಿ ನಾನು, ಮೆಟ್ಟಿಲುಗಳ ನಕ್ಷೆಯನ್ನು ಕೈಯಿಂದ ಬರೆಯೋಣವೇ ಅಂದಿದ್ದೆ. ಮಾಸ್ತರದು ಮತ್ತೆ ಅದೇ "ಆತು ಬಿಡ್ರಿ". ಆಮೇಲೆ ಆ ಮಾತು ಎಲ್ಲೂ ಬಂದಿಲ್ಲ, ಧ್ವನಿಯಲ್ಲೂ ಸುಳಿವಿಲ್ಲ. ಊಹೆ ಮಾಡದೆ "ಕೇಳಬೇಕು" ಎಂದು ಬರೆದು ನಿನ್ನೆ ಫೋನ್ ಮಾಡಿದೆ.

"ಬ್ಯಾಡ ಅಂದಿದ್ನೆಪಾ," ಅಂದರು. "ಮೊದ್ಲ ಅಳತಿ ಮುಗೀಲಿ, ನಕ್ಷೆ ಆಮ್ಯಾಲ ನೋಡೂಣು."

ಆ "ನೋಡೂಣು" ವಿಚಾರದ ಪಟ್ಟಿಗೆ ಹೋಯಿತು.