ಆರರ ಮನೇಲಿ ಮೂರು ಕಾಯಿ

ಗೋಕರ್ಣದ ಬೀಚ್ ಕಡೆ ರೆಸಾರ್ಟಲ್ಲಿ ಗೆಸ್ಟ್ ರಿಲೇಶನ್ ಕೆಲಸ ಅಂದ್ರೆ ಚೆಕ್‌ಇನ್, ಸ್ಕೂಟಿ ಬಾಡಿಗೆ, ದೋಣಿ ಬುಕಿಂಗ್ ಇಷ್ಟೇ ಅಲ್ಲ, ಬ್ಯಾಕ್‌ಗ್ಯಾಮನ್ ಅನ್ನೋ ಎರಡು ದಾಳದ ಬೋರ್ಡ್ ಆಟನೂ ಬರ್ಬೇಕು. ಇಸ್ರೇಲ್ ಕಡೆ ಗೆಸ್ಟುಗಳು ಇದಕ್ಕೆ ಶೇಶ್ ಬೇಶ್ ಅಂತಾರೆ, ಮಧ್ಯಾಹ್ನ ಬಿಸಿಲಿಗೆ ಕೆಫೆ ಒಳಗೆ ಕೂತ್ರೆ ಸಂಜೆವರೆಗೂ ದಾಳದ ಸದ್ದೇ, ಜೊತೆಗೆ ಆಡೋಕೆ ಯಾರೂ ಸಿಗ್ಲಿಲ್ಲ ಅಂದ್ರೆ ಸ್ಟಾಫಲ್ಲಿ ಒಬ್ಬರು ಕೂರ್ಬೇಕು. ಹುಡುಗರಿಗೆ ಆಟ ಕಲಿಸೋ ಜವಾಬ್ದಾರಿ ನಂದು. ಓಪನಿಂಗು, ಬ್ಲಾಕ್ ಕಟ್ಟೋದು ಎಲ್ಲ ಬೇಗ ಕಲೀತಾರೆ, ಕೈಕೊಡೋದು ಕೊನೇಲಿ, ಎದುರಾಳಿದು ಒಂದು ಕಾಯಿ ಕಡಿಸ್ಕೊಂಡು ಬಾರ್ ಮೇಲೆ, ಅಂದ್ರೆ ಬೋರ್ಡಿನ ನಡುವಿನ ಪಟ್ಟಿ ಮೇಲೆ ಕೂತಿದ್ದಾಗ, ನಮ್ಮ ಕಾಯಿ ಬೋರ್ಡಿಂದ ಹೊರಗೆ ತೆಗೆದು ಹಣ್ಣು ಮಾಡ್ಕೊಳ್ಳೋ ಹೊತ್ತಲ್ಲಿ.

ಹೋದ ಸೀಸನಲ್ಲಿ ಒಂದು ಶನಿವಾರ ನಮ್ಮ ಮ್ಯಾನೇಜರು ಸ್ಟಾಫ್ ವರ್ಸಸ್ ಗೆಸ್ಟ್ ಅಂತ ಮ್ಯಾಚ್ ಇಟ್ರು, ಸ್ಟಾಫ್ ಸೋತ್ರೆ ಗೆಸ್ಟ್ ಟೇಬಲ್ಲಿಗೆ ಬಂಗಡೆ ಫ್ರೈ ಫ್ರೀ. ನಮ್ಮ ಕಡೆಯಿಂದ ಅಂಕೋಲಾದ ಹುಡುಗ, ಸರ್ವಿಸಲ್ಲಿ ಇರೋನು, ಆಟದಲ್ಲಿ ಚುರುಕು. ಎದುರಿಗೆ ವಯಸ್ಸಾದ ಗೆಸ್ಟ್ ಒಬ್ಬರು. ಹುಡುಗ ಅವರ ಒಂದು ಕಾಯಿ ಕಡಿದು ತನ್ನ ಆರೂ ಮನೇಲಿ ಎರಡಕ್ಕೆ ಕಮ್ಮಿ ಇಲ್ದಂಗೆ ಕಾಯಿ ಕೂರಿಸಿ ಬಂದ್ ಮಾಡಿಬಿಟ್ಟಿದ್ದ, ಅವರಿಗೆ ಒಳಗೆ ಬರೋಕೆ ಜಾಗನೇ ಇಲ್ಲ. ಇವನ ಹದಿನೈದೂ ಕಾಯಿ ಮನೇಲಿ: ಆರರಲ್ಲಿ ಮೂರು, ಐದರಲ್ಲಿ ಎರಡು, ನಾಲ್ಕರಲ್ಲಿ ಮೂರು, ಮೂರರಲ್ಲಿ ಮೂರು, ಎರಡರಲ್ಲಿ ಎರಡು, ಒಂದರಲ್ಲಿ ಎರಡು.

ಗರ ಬಿತ್ತು, ನಾಲ್ಕು-ಮೂರು. ಹುಡುಗ ಒಂದು ಸೆಕೆಂಡೂ ಯೋಚಿಸ್ದೆ ನಾಲ್ಕರಿಂದ ಒಂದು, ಮೂರರಿಂದ ಒಂದು, ಎರಡು ಕಾಯಿ ಪಟಪಟ ಹಣ್ಣು ಮಾಡಿದ. ಮ್ಯಾನೇಜರು ಚಪ್ಪಾಳೆ. ನೋಡಿದ್ರೆ ಏನೂ ತಪ್ಪಿಲ್ಲ, ಕಡಿಸ್ಕೊಳ್ಳೋ ಹಾಗೆ ಒಂಟಿ ಕಾಯಿ ಎಲ್ಲೂ ಇಲ್ಲ, ಬೋರ್ಡ್ ಇನ್ನೂ ಬಂದ್, ಗೆಸ್ಟಿಗೆ ದಾಳ ಎತ್ತೋಕೂ ಇಲ್ಲ. ಆದ್ರೆ ಈಗ ಆರರಲ್ಲಿ ಮೂರು, ಉಳಿದ ಐದೂ ಮನೇಲಿ ಎರಡೆರಡೇ ಕಾಯಿ. ಆ ಗೆಸ್ಟು ಮಾತ್ರ ಕುರ್ಚಿಯಿಂದ ಸ್ವಲ್ಪ ಮುಂದೆ ಬಂದು ಬೋರ್ಡಿನ ಒಂದು ಮೂಲೆನೇ ನೋಡ್ತಾ ಕೂತ್ರು. ಸ್ಕೋರ್ ಬರೀತಿದ್ದ ನಾನು ಮ್ಯಾಚ್ ನಡೀವಾಗ ಬಾಯಿ ಬಿಡೋ ಹಾಗಿಲ್ಲ.

ಮುಂದಿನ ಗರ ಆರು-ಎರಡು. ಆರಕ್ಕೆ ಒಂದು ಕಾಯಿ ಹೊರಗೆ ಹೋಗ್ಲೇಬೇಕು, ಬೇರೆ ದಾರಿ ಇಲ್ಲ. ಆರರಲ್ಲಿ ಎರಡು ಉಳೀತು. ಈಗ ಎರಡರ ಗರನೂ ಆಡ್ಲೇಬೇಕು, ಆಡೋಕೆ ಆಗತ್ತೆ ಅಂದ್ಮೇಲೆ ಬಿಡೋ ಹಾಗಿಲ್ಲ, ಹೆಚ್ಚಿಗೆ ಕಾಯಿ ಎಲ್ಲೂ ಇಲ್ಲ, ಯಾವುದನ್ನ ಎತ್ತಿದ್ರೂ ಒಂದು ಜೋಡಿ ಒಡೀತದೆ. ಹುಡುಗ ಕೈ ಮುಂದೆ ತಗೊಂಡು ಹೋಗಿ ವಾಪಸ್ ತಂದ, ಐದನ್ನ ಮುಟ್ಟಿದ, ಬಿಟ್ಟ, ನನ್ನ ಮುಖ ನೋಡಿದ, ಕೊನೆಗೆ ಆರರಿಂದ ನಾಲ್ಕಕ್ಕೆ ಇಳಿಸಿದ. ಆರರಲ್ಲಿ ಒಂಟಿ. ಗೆಸ್ಟಿಗೆ ಬಾರಿಂದ ಅಲ್ಲಿಗೆ ಬಂದು ಕಡಿಯೋಕೆ ಆರು ಒಂದೇ ಬೇಕು, 36ರಲ್ಲಿ 11 ಸಲ ಬೀಳೋ ಗರ. ಅವರು ನಿಧಾನಕ್ಕೆ ಹಾಕಿದ್ರು, ಒಂದು ದಾಳ ಮೂರು ತೋರಿಸ್ತು, ಇನ್ನೊಂದು ಬೋರ್ಡಿನ ಅಂಚಿಗೆ ಹೊಡೆದು ತಿರುಗ್ತಾ ತಿರುಗ್ತಾ ಆರಕ್ಕೆ ನಿಂತ್ತು.

ಇಷ್ಟು ಹೊತ್ತು ಬಾರ್ ಮೇಲೆ ಕೂತಿದ್ರಿಂದ ಗೆಸ್ಟಿನ ಕಡೆ ಬೋರ್ಡ್ ಹಾಗೇ ಗಟ್ಟಿಯಾಗಿತ್ತು, ಇದನ್ನ ತುಂಬಾ ಜನ ಮರೀತಾರೆ. ಒಳಗೆ ಬರೋಕೆ ಆಗದವನು ಬೇರೆ ಕಾಯೂ ನಡೆಸೋ ಹಾಗಿಲ್ಲ, ಹಾಗಾಗಿ ಅವನ ಮನೆ ಒಡೆಯೋದೂ ಇಲ್ಲ. ಐದು ಮನೆ ಕಟ್ಟಿಟ್ಟಿದ್ರು. ನಮ್ಮ ಹುಡುಗ ಈಗ ಬಾರ್ ಮೇಲೆ, ಒಂದೇ ಒಂದು ಮನೆ ಖಾಲಿ, ಗರ ಬೀಳ್ಲೇ ಇಲ್ಲ. ಬಿದ್ರೂ ಆ ಕಾಯಿ ಪೂರ್ತಿ ಬೋರ್ಡ್ ಸುತ್ತಿ ಮನೆಗೆ ಬರೋವರೆಗೂ ಬಾಕಿ ಯಾವ ಕಾಯೂ ಹಣ್ಣು ಮಾಡೋ ಹಾಗಿಲ್ಲ. ಮೂರು ಕಾಯಿ ಹಣ್ಣಾಗಿ ನಿಂತಲ್ಲೇ ಆಟ ಹೋಯ್ತು.

"ಅಣ್ಣ, ಆರು-ಎರಡು ಬಿದ್ರೆ ನಾನೇನ್ ಮಾಡ್ಲಿ, ನಸೀಬು" ಅಂದ. ಇಲ್ಲ ತಮ್ಮ, ನಸೀಬಿನ ಮೇಲೆ ಹಾಕ್ಬೇಡ, ಹಿಂದಿನ ಗರ ನೋಡು ಅಂತ ರಾತ್ರಿ ಕ್ಲೋಸಿಂಗ್ ಆದ್ಮೇಲೆ ಅದೇ ಬೋರ್ಡ್ ಮತ್ತೆ ಜೋಡಿಸಿ ಕೂರ್ಸಿದೆ.

ಆ ನಾಲ್ಕು-ಮೂರಕ್ಕೆ ನಾಲ್ಕರಿಂದ ಒಂದು ಕಾಯಿ ಹಣ್ಣು ಮಾಡಿ, ಮೂರನ್ನ ಆರರಿಂದ ಮೂರರ ಮನೆಗೆ ಇಳಿಸಿದ್ರೆ? ಹಣ್ಣಾಗೋದು ಒಂದೇ ಕಾಯಿ, ಆದ್ರೆ ಆರರಲ್ಲಿ ಎರಡು, ಐದರಲ್ಲಿ ಎರಡು. ಈಗ ಯಾವ ಗರ ಬೇಕಾದ್ರೂ ಹಾಕು ಅಂದೆ. ಆರು-ಎರಡು: ಆರರ ಒಂದು ಕಾಯಿ ಹೊರಗೆ, ಇನ್ನೊಂದು ನಾಲ್ಕಕ್ಕೆ, ಆರರ ಮನೆ ಖಾಲಿ, ಒಂಟಿ ಇಲ್ಲ. ಐದು-ನಾಲ್ಕು: ಆರರ ಎರಡೂ ಕಾಯಿ ಒಂದಕ್ಕೂ ಎರಡಕ್ಕೂ ಇಳೀತವೆ, ಒಂದೂ ಹಣ್ಣಾಗಲ್ಲ, ಪರ್ವಾಗಿಲ್ಲ. ಡಬಲ್ ಆರು: ಆರರ ಎರಡು, ಐದರ ಎರಡು ಹೊರಗೆ. 36 ಗರದಲ್ಲಿ ಒಂದಕ್ಕೂ ಒಂಟಿ ಬೀಳಲ್ಲ, ಬೇಕಾದ್ರೆ ಬೋರ್ಡ್ ಇಟ್ಕೊಂಡು ಒಂದೊಂದೇ ನೋಡಿ.

ಅದೇ ಇವನು ಆಡಿದ ಹಾಗೆ ಆರರಲ್ಲಿ ಮೂರು ಇಟ್ರೆ ಆರು ಇರೋ ಹನ್ನೊಂದೂ ಗರ ಕೆಟ್ಟದ್ದು, ಜೊತೆಗೆ ಡಬಲ್ ಐದು, ಒಟ್ಟು 12. ಅಂದ್ರೆ ಮೂರರಲ್ಲಿ ಒಂದು ಸಲ ಒಂಟಿ ಬಿಡ್ಬೇಕು, ಆಮೇಲೆ ಅದು ಕಡಿಸ್ಕೊಳ್ಳೋದು 36ರಲ್ಲಿ 11. ಎರಡೂ ಸೇರಿಸಿದ್ರೆ ಹೆಚ್ಚುಕಮ್ಮಿ ಹತ್ತರಲ್ಲಿ ಒಂದು ಸಲ ಕಡಿತ, ಸಿಕ್ಕಿದ ಲಾಭ ಒಂದು ಕಾಯಿ. ಗೆಸ್ಟ್ ಇನ್ನೂ ಒಂದೂ ಹಣ್ಣು ಮಾಡಿರ್ಲಿಲ್ಲ, ಆ ಒಂದು ಕಾಯಿ ಯಾರಿಗೆ ಬೇಕಿತ್ತು!

ಅವನು ಇನ್ನೊಂದು ಕೇಳಿದ, ಒಳ್ಳೆ ಪ್ರಶ್ನೆ: "ಆರರ ಮನೆ ಖಾಲಿ ಮಾಡಿದ್ರೆ ಅವರು ಒಳಗೆ ಬರ್ತಾರಲ್ಲ?" ಬರ್ಲಿ. ಆರು ಬಿದ್ದು ಆರರ ಮನೆಗೆ ಬಂದ ಕಾಯಿ ಅಲ್ಲಿಂದ ಹೊರಗಡೆಗೇ ಹೋಗೋದು, ನಮ್ಮ ಕಾಯಿಗಳೆಲ್ಲ ಅದರ ಬೆನ್ನ ಹಿಂದೆ ಐದರಿಂದ ಕೆಳಗೆ, ಇನ್ನು ಅದು ಯಾರನ್ನೂ ಕಡಿಯೋಕೆ ಆಗಲ್ಲ. ಒಂದರ ಮನೆಯೋ ಎರಡರ ಮನೆಯೋ ಮೊದಲು ಖಾಲಿಯಾದ್ರೆ ಕಥೆ ಉಲ್ಟಾ, ಅಲ್ಲಿ ಬಂದು ಕೂತ ಕಾಯಿಗೆ ಮೇಲಿನ ಎಲ್ಲ ಮನೆನೂ ಎದುರಿಗೇ, ನಾವು ಒಂಟಿ ಬಿಡೋದನ್ನೇ ಕಾಯ್ತಾ ಇರತ್ತೆ. ಅದಕ್ಕೇ ಆರು, ಆಮೇಲೆ ಐದು, ಆಮೇಲೆ ನಾಲ್ಕು ಅಂತ ಮೇಲಿಂದ ಖಾಲಿ ಮಾಡೋದು, ಮೇಲಿನ ಎರಡು ಮನೇಲಿ ಸಮ ಸಂಖ್ಯೆ ಇಟ್ಕೊಳ್ಳೋದು.

ಇದು ಎಲ್ಲ ಸಲಕ್ಕೂ ಅಲ್ಲ. ಬಾರ್ ಮೇಲೆ ಬೀಳೋ ಮೊದಲೇ ಎದುರಾಳಿ ಹತ್ತು-ಹನ್ನೊಂದು ಕಾಯಿ ಹಣ್ಣು ಮಾಡಿದ್ರೆ ಅವರಿಗೆ ಉಳಿದಿರೋದು ನಾಲ್ಕೈದೇ, ಆಗ ನಮಗೆ ಒಂದೊಂದು ಕಾಯೂ ಲೆಕ್ಕ, ಸೇಫ್ ಸೇಫ್ ಅಂತ ಕೂತ್ರೆ ರೇಸಲ್ಲಿ ಸೋಲ್ತೀವಿ. ಅವರ ಮನೇಲೂ ಕಾಯಿ ಇಲ್ದೆ ಬ್ಲಾಕ್ ಸಡಿಲ ಆಗಿರತ್ತೆ, ಕಡಿಸ್ಕೊಂಡ್ರೂ ವಾಪಸ್ ಒಳಗೆ ಬರಬಹುದು. ಆದ್ರಿಂದ ದಾಳ ಬಿದ್ದ ಕೂಡ್ಲೆ ಎದುರಾಳಿ ಎಷ್ಟು ಹಣ್ಣು ಮಾಡಿದಾರೆ, ಅವರ ಬೋರ್ಡ್ ಎಷ್ಟು ಗಟ್ಟಿ ಅಂತ ನೋಡಿ, ಆಮೇಲೆ ಕಾಯಿ ಮುಟ್ಟಿ ಅಂತ ಹುಡುಗರಿಗೆ ಹೇಳ್ತೀನಿ.

ಬಂಗಡೆ ಫ್ರೈ ಬಿಲ್ಲು ಮಾತ್ರ ಆ ಹುಡುಗನ ಟಿಪ್ಸಿಂದ ಕಟ್ ಆಯ್ತು, ಅದು ನನಗೆ ಈಗ್ಲೂ ಸರಿ ಅನ್ಸಲ್ಲ. ಎರಡು ಕಾಯಿ ತೆಗ್ದಾಗ ಜೋರಾಗಿ ಚಪ್ಪಾಳೆ ತಟ್ಟಿದ್ದು ಮ್ಯಾನೇಜರು, ಮ್ಯಾಚ್ ಇಟ್ಟಿದ್ದೂ ಅವರೇ, ಬಿಲ್ಲನ್ನ ಎಂಟರ್‌ಟೈನ್‌ಮೆಂಟ್ ಖರ್ಚಿಗೆ ಹಾಕಿ ಅಂತ ಬರೆದು ಕೊಟ್ಟಿದೀನಿ, ಅಕೌಂಟ್ಸಿಂದ ಇನ್ನೂ ಉತ್ತರ ಬಂದಿಲ್ಲ.