ಲಾವಾ ನೋಡ್ಬೇಕು ಅಂದ ಮಗಳಿಗೆ ಮಡಿಕೇರಿಯಿಂದ ಎರಡು ದಿನದ ಟ್ರಿಪ್

ಮಗಳಿಗೆ ಜ್ವಾಲಾಮುಖಿ ಹುಚ್ಚು ಹಿಡಿದು ಆರು ತಿಂಗಳಾಗಿತ್ತು. ನಮ್ಮ ದೇಶದಲ್ಲಿ ಈಗಲೂ ಉಗುಳೋ ಜ್ವಾಲಾಮುಖಿ ಅಂದ್ರೆ ಅಂಡಮಾನ್ ಕಡೆಯ ಬ್ಯಾರನ್ ಐಲ್ಯಾಂಡ್ ಒಂದೇ, ಅಲ್ಲಿ ಇಳಿಯೋಕೂ ಬಿಡಲ್ಲ. ಎಂಟು ವರ್ಷದ ಮಗು, ಮಂಡಿನೋವಿನ ಅತ್ತೆ ಇಬ್ಬರನ್ನೂ ಕರ್ಕೊಂಡು ಹೋಗೋಕೆ ನಮಗೆ ಸರಿ ಅನ್ಸಿದ್ದು ಘಟ್ಟ ಇಳಿದ್ರೆ ಸಿಗೋ ಎರಡು ಜಾಗ, ಪುತ್ತೂರು ಹತ್ರದ ಬಿಸಿನೀರಿನ ಬುಗ್ಗೆ ಬೆಂದ್ರು ತೀರ್ಥ ಮತ್ತೆ ಹಳೇ ಲಾವಾ ಗಟ್ಟಿಯಾಗಿ ಕಲ್ಲಿನ ಕಂಬಗಳಾಗಿರೋ ಮಲ್ಪೆಯ ಸೇಂಟ್ ಮೇರೀಸ್ ದ್ವೀಪ.

ಡಿಸೆಂಬರ್‌ನಲ್ಲಿ ಬೆಳಗ್ಗೆ ಐದೂವರೆಗೆ ಮಂಜಿನಲ್ಲೇ ಹೊರಟು ಸಂಪಾಜೆ, ಸುಳ್ಯ, ಪುತ್ತೂರು ದಾಟಿ ಬೆಂದ್ರು ತೀರ್ಥ ಇರೋ ಇರ್ದೆ ಊರು ಮುಟ್ಟಿದ್ವಿ. ತುಳುವಲ್ಲಿ ಬೆಂದ್ರ್ ಅಂದ್ರೆ ಬಿಸಿನೀರು, ಆದ್ರೆ ಹೊಗೆಯಾಡೋ ನೀರು ಅಂದ್ಕೊಂಡು ಹೋಗ್ಬೇಡಿ, 38 ಡಿಗ್ರಿ ಆಸುಪಾಸು ಅಷ್ಟೇ, ಅಂದ್ರೆ ನಮ್ಮ ಮೈಗಿಂತ ಒಂಚೂರು ಜಾಸ್ತಿ. ಅದಕ್ಕೇ ಚಳಿಗಾಲದ ಬೆಳಗ್ಗೆಯೇ ಹೋಗ್ಬೇಕು, ಏಪ್ರಿಲ್ ಮಧ್ಯಾಹ್ನ ಕೈ ಅದ್ದಿದ್ರೆ ಟ್ಯಾಂಕ್ ನೀರಿಗೂ ಇದಕ್ಕೂ ವ್ಯತ್ಯಾಸವೇ ಗೊತ್ತಾಗಲ್ಲ. ಇನ್ನೊಂದು, ಇದಕ್ಕೂ ಜ್ವಾಲಾಮುಖಿಗೂ ಸಂಬಂಧ ಇಲ್ಲ. ಮಳೆನೀರು ಬಿರುಕಿನಲ್ಲಿ ಆಳಕ್ಕೆ ಇಳಿಯತ್ತೆ, ಕೆಳಗೆ ಹೋದಂಗೆ ಭೂಮಿ ಕಿಲೋಮೀಟರಿಗೆ ಸುಮಾರು 25-30 ಡಿಗ್ರಿ ಬಿಸಿ ಆಗ್ತಾ ಹೋಗತ್ತೆ, ಆ ಬಿಸಿ ಹಿಡ್ಕೊಂಡು ನೀರು ಮತ್ತೆ ಮೇಲೆ ಬರತ್ತೆ. ಅತ್ತೆ ಕಾಲು ಇಳಿಬಿಟ್ಟು ಅರ್ಧ ಗಂಟೆ ಕೂತ್ರು, ನಮಗೆ ಅಷ್ಟು ಸಾಕಿತ್ತು.

ಅವತ್ತೇ ಮಲ್ಪೆಗೆ ಓಡಿ ದ್ವೀಪ ನೋಡೋ ಪ್ಲಾನ್ ಬೇಡ. ಮುಟ್ಟೋಷ್ಟರಲ್ಲಿ ನಡುಬಿಸಿಲು, ಕಲ್ಲು ಕಾದ ಕಾವಲಿ ಆಗಿರತ್ತೆ. ನಾವು ಉಡುಪಿಯಲ್ಲಿ ಉಳ್ಕೊಂಡು ಮಾರನೇ ದಿನ ಮೊದಲ ಬೋಟಿಗೆ ಹೋದ್ವಿ. ಮಳೆಗಾಲ ಪೂರ್ತಿ ಬೋಟ್ ಇರಲ್ಲ, ಬೇರೆ ದಿನಗಳಲ್ಲೂ ಗಾಳಿ ಜೋರಿದ್ರೆ ನಿಲ್ಲಿಸ್ತಾರೆ, ಹಿಂದಿನ ದಿನವೇ ಮಲ್ಪೆಯಲ್ಲಿ ಕೇಳಿಬಿಡಿ. ಆಗಲೇ ಇಳಿತ ಎಷ್ಟು ಹೊತ್ತಿಗೆ ಅಂತಾನೂ ಕೇಳಿ, ನೀರು ಇಳಿದಾಗ ಕಂಬಗಳು ಬುಡದವರೆಗೂ ಕಾಣ್ತವೆ.

ಕಂಬ ಅಂದ್ರೆ ನಿಜಕ್ಕೂ ಕಂಬಗಳೇ, ಯಾರೋ ಅಳತೆ ಹಿಡಿದು ಕಡಿದು ಒಟ್ಟಿಗೆ ನಿಲ್ಲಿಸಿದಂಗೆ. ಮಗಳು ಮುಖ ಎಣಿಸೋಕೆ ಶುರು ಮಾಡಿದ್ಳು, ಜಾಸ್ತಿ ಆರು, ನಡುನಡುವೆ ಐದು, ಕೆಲವು ಏಳು. ಯಾಕೆ ಹೀಗೆ ಅಂದಾಗ ನಮ್ಮ ಗದ್ದೆ ನೆನಪು ಮಾಡಿಸ್ದೆ. ಕೊಯ್ಲು ಆದ್ಮೇಲೆ ಫೆಬ್ರವರಿ-ಮಾರ್ಚ್‌ನಲ್ಲಿ ಕೆಸರು ಒಣಗಿ ಕುಗ್ಗಿದಾಗ ಬಿರುಕು ಬಿಟ್ಟು ತುಂಡು ತುಂಡು ಆಗತ್ತಲ್ಲ, ಲಾವಾ ತಣ್ಣಗಾಗಿ ಕುಗ್ಗಿದಾಗ್ಲೂ ಅದೇ ಕಥೆ, ಆದ್ರೆ ತಂಪು ಒಳಗೆ ಇಳಿದಂಗೆ ಬಿರುಕೂ ಅದರ ಹಿಂದೆ ಇಳೀತಾ ಹೋಗಿ ಉದ್ದ ಕಂಬ ಆಗತ್ತೆ. ಎಲ್ಲರೂ ಬಸಾಲ್ಟ್ ಅಂತಾರೆ, ಆದ್ರೆ ಇದು ಸಿಲಿಕಾ ಜಾಸ್ತಿ ಇರೋ ರಯೋಲೈಟ್ ಜಾತಿಯ ಕಲ್ಲು. ವಯಸ್ಸು ಸುಮಾರು 8.8 ಕೋಟಿ ವರ್ಷ, ಮಡಗಾಸ್ಕರ್ ನಮ್ಮಿಂದ ಬೇರೆ ಆಗ್ತಿದ್ದ ಕಾಲದ್ದು. ಡೈನೋಸಾರ್ ಇನ್ನೂ ಇದ್ವಾ ಅಂದ್ಳು, ಇದ್ವು ಅಂದೆ. ಕೆಂಪು ಲಾವಾ ಇಲ್ಲದ ಬೇಜಾರು ಅಲ್ಲಿಗೆ ಹೋಯ್ತು.

ಈಗ ನಾನು ಮಾಡಿದ ತಪ್ಪು. ಎಲ್ಲರಿಗೂ ಹವಾಯಿ ಚಪ್ಪಲಿ ಹಾಕಿಸಿದ್ದೆ, ಬೀಚ್ ತಾನೇ ಅಂತ. ನೀರಿನ ಅಂಚಿನ ಕಲ್ಲಿಗೆ ಹಸಿರು ಪಾಚಿ, ಅದರ ಮೇಲೆ ಬ್ಲೇಡಿನಂಥ ಸಿಂಪಿ ಚಿಪ್ಪು. ಮಗಳ ಚಪ್ಪಲಿ ಜಾರಿ ಹೆಬ್ಬೆರಳು ಕುಯ್ದು ರಕ್ತ ಬಂತು, ಅವಳನ್ನು ಹಿಡಿಯೋಕೆ ಹೋಗಿ ನಾನೂ ಮಂಡಿ ಊರಿದೆ. ಹಿಂದೆ ಪಟ್ಟಿ ಇರೋ ರಬ್ಬರ್ ಸ್ಯಾಂಡಲ್ ಹಾಕ್ಸಿ, ಬ್ಯಾಂಡೇಜ್ ಬ್ಯಾಗಲ್ಲಿರಲಿ. ಎಲ್ಲಿ ನಿಲ್ಲಬಹುದು ಅಂತ ಕಲ್ಲಿನ ಬಣ್ಣವೇ ಹೇಳತ್ತೆ, ಒಣಗಿ ಬೂದು ಬಣ್ಣ ಇದ್ರೆ ಸರಿ, ಕಪ್ಪಗೆ ಒದ್ದೆ ಅಥವಾ ಹಸಿರು ಇದ್ರೆ ಅಲೆ ಅಲ್ಲಿವರೆಗೂ ಬರತ್ತೆ ಅಂತ. ಪಶ್ಚಿಮದ ಅಂಚಿಗೆ ಮಾತ್ರ ಮಕ್ಕಳನ್ನು ಬಿಡಲೇಬೇಡಿ, ಅದು ತೆರೆದ ಸಮುದ್ರ, ಸಣ್ಣ ಅಲೆಗಳ ನಡುವೆ ಯಾವಾಗ ಬೇಕಾದ್ರೂ ಒಂದು ದೊಡ್ಡದು ಬಂದು ಬಡಿಯತ್ತೆ, ಸೆಲ್ಫಿ ತೆಗೆಯೋಕೆ ಹೋಗಿ ಇಲ್ಲಿ ಜೀವ ಕಳ್ಕೊಂಡೋರಿದ್ದಾರೆ. ಕಂಬ ನೋಡೋಕೆ ಅಲ್ಲಿಗೇ ಹೋಗ್ಬೇಕು ಅಂತೇನೂ ಇಲ್ಲ, ಹತ್ತು ಹೆಜ್ಜೆ ಹಿಂದೆ ಒಣಗಿದ ಜಾಗದಲ್ಲೇ ಬೇಕಾದಷ್ಟಿವೆ.

ಅತ್ತೆಗೆ ಕಷ್ಟ ಆಗಿದ್ದು ಬೋಟ್ ಹತ್ತಿ ಇಳಿಯೋದೊಂದೇ. ಅಲೆಗೆ ಬೋಟು ಏರಿಳೀತಿರತ್ತೆ, ಅದು ಮೇಲೆ ಬಂದಾಗ ಹೆಜ್ಜೆ ಇಡ್ಬೇಕು, ಬೋಟಿನ ಹುಡುಗ "ಈಗ ಬನ್ನಿ ಅಮ್ಮ" ಅಂತ ಎರಡೂ ಕೈ ಹಿಡಿದು ಇಳಿಸ್ದ. ಆಮೇಲೆ ತೆಂಗಿನ ನೆರಳಲ್ಲಿ ಕೂತು ಕಂಬ ನೋಡ್ತಾ "ಇದನ್ನ ನಮ್ಮ ಮನೆ ಜಗಲಿಗೆ ನಿಲ್ಲಿಸಿದ್ರೆ ಚೆನ್ನಾಗಿರ್ತಿತ್ತು" ಅಂದ್ರು. ಒಂದು ಚೂರೂ ತರೋ ಹಾಗಿಲ್ಲ ಅತ್ತೆ, ಭೂವೈಜ್ಞಾನಿಕ ಸ್ಮಾರಕ ಇದು ಅಂದೆ. ಒಂದೂವರೆ ಗಂಟೆ ಸಾಕು, ಹನ್ನೊಂದರೊಳಗೆ ವಾಪಸ್ ಬೋಟ್ ಹತ್ತಿದ್ರೆ ಕತ್ತಲಾಗೋ ಮೊದಲು ಸಂಪಾಜೆ ಘಟ್ಟ ಹತ್ತಿಬಿಡಬಹುದು.